ಬರೆದಿಡದೆ ನೆನಪಿಡುವ ಪಾಸ್‌ವರ್ಡ್: ಎರಡೆರಡೇ ಪದ

ನಾನು ತಲೆಯಲ್ಲಿ ಇಟ್ಟುಕೊಂಡಿರುವುದು ಮೂರೇ: ಪಾಸ್‌ವರ್ಡ್ ಮ್ಯಾನೇಜರ್, ಇಮೇಲ್, ಲ್ಯಾಪ್‌ಟಾಪ್. ಉಳಿದದ್ದೆಲ್ಲ ಮ್ಯಾನೇಜರ್ ಪಾಲು.

ಮೊದಲು 1296 ಕನ್ನಡ ಪದಗಳ ಪಟ್ಟಿ ಮಾಡಿ, 1111ರಿಂದ 6666ರವರೆಗೆ ದಾಳದ ಸಂಖ್ಯೆ ಕೊಟ್ಟೆ. ನಾಲ್ಕು ಸಲ ದಾಳ ಎಸೆದರೆ ಒಂದು ಪದ. ಆರು ಪದಕ್ಕೆ ಸುಮಾರು 62 ಬಿಟ್; ಒಂದೊಂದು ಬಿಟ್ ಹೆಚ್ಚಿದಂತೆ ಊಹಿಸುವವನ ಕೆಲಸ ಎರಡು ಪಟ್ಟಾಗುತ್ತದೆ. ಪಟ್ಟಿ ಯಾರ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಗುಟ್ಟು ಇರುವುದು ದಾಳದಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಎರಡು ಬಗೆಯಲ್ಲಿ ಬರೆಯಬಹುದಾದ ಪದ ಪಟ್ಟಿಯಲ್ಲಿ ಇರಬಾರದು. ಹಾಲು `halu` ಆಗಬಹುದು, `haalu` ಆಗಬಹುದು. ತಿಂಗಳಾದ ಮೇಲೆ ಬೆರಳು ತಡವರಿಸುವುದು ಅಲ್ಲೇ. ಒಂದೇ ಚಿತ್ರ ಕೊಡುವ ಜೋಡಿಗಳಲ್ಲೂ (ಹಸು, ದನ) ಒಂದನ್ನು ತೆಗೆದುಬಿಡಿ.

ಉದಾಹರಣೆಗೆ ಹೀಗೆ ಬಂತು ಎನ್ನಿ (ಇದನ್ನೇ ಬಳಸಬೇಡಿ):

```
kudure majjige kitaki kodali nimbe bellulli
```

ಇದನ್ನು ಒಂದು ಕಥೆ ಮಾಡಿ: ಕುದುರೆ ಮಜ್ಜಿಗೆ ಕುಡಿದು ಕಿಟಕಿಗೆ ಉಗುಳುತ್ತದೆ. ಕಿಟಕಿಯಿಂದ ಕೊಡಲಿ ಹಾರಿ ಬಂದು ನಿಂಬೆಯನ್ನು ಸೀಳುತ್ತದೆ. ಒಳಗೆ ರಸವಿಲ್ಲ, ಬರೀ ಬೆಳ್ಳುಳ್ಳಿ. ಪ್ರತಿ ವಸ್ತುವೂ ಮುಂದಿನದಕ್ಕೆ ಏನಾದರೂ ಮಾಡಬೇಕು. ಸುಮ್ಮನೆ ಪಕ್ಕಪಕ್ಕ ನಿಲ್ಲಿಸಿದರೆ ಪದಗಳು ನೆನಪಾಗುತ್ತವೆ, ಕ್ರಮ ತಪ್ಪುತ್ತದೆ. ಕಥೆಗೆ ಒಗ್ಗಲಿ ಎಂದು ಪದಗಳನ್ನು ಹಿಂದುಮುಂದು ಮಾಡಬೇಡಿ: ಆರು ಪದಕ್ಕೆ 720 ಕ್ರಮಗಳಿವೆ, ಸಲೀಸಾದದ್ದನ್ನೇ ಆರಿಸಿದರೆ ಸುಮಾರು ಒಂಬತ್ತೂವರೆ ಬಿಟ್‌ವರೆಗೂ ಕಳೆದುಕೊಳ್ಳುತ್ತೀರಿ.

ಆರನ್ನೂ ಒಟ್ಟಿಗೆ ಕಲಿಯಲು ಹೋದರೆ ಚೀಟಿ ಬೇಕೇ ಬೇಕಾಗುತ್ತದೆ. ಅದಕ್ಕೇ ಒಮ್ಮೆಗೆ ಎರಡು ಪದಕ್ಕೆ ಮಾತ್ರ ದಾಳ ಹಾಕುವುದು. ಹತ್ತು ನಿಮಿಷದ ನಂತರ, ಒಂದು ಗಂಟೆಯ ನಂತರ, ಮಲಗುವ ಮುನ್ನ, ಹೀಗೆ ಮೂರು ಸಲ ಮನಸ್ಸಿನಲ್ಲೇ ನೆನೆಯಿರಿ. ಮರುದಿನ ಬೆಳಿಗ್ಗೆ ತಾನಾಗಿ ಬಂದರೆ ಹಳೆಯ ಪಾಸ್‌ವರ್ಡಿನ ಕೊನೆಗೆ ಸೇರಿಸಿ. ಮರೆತರೆ ನಷ್ಟವೇನಿಲ್ಲ, ಬೀಗ ಇನ್ನೂ ಹಳೆಯದೇ. ಹೊಸ ಎರಡಕ್ಕೆ ದಾಳ ಹಾಕಿ. ಎರಡು ಮೂರು ದಿನ ಬಿಟ್ಟು ಮುಂದಿನ ಎರಡು. ಆರೂ ಕೂತ ಮೇಲೆ ಹಳೆಯ ಭಾಗ ಕಿತ್ತುಹಾಕಿ.

ಆಮೇಲೆ ಒಂದು ವಾರ ದಿನವೂ ಟೈಪ್ ಮಾಡಿ. ನಂತರ 2, 4, 8, 16 ದಿನಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ. ಎಲ್ಲಾದರೂ ಐದು ಸೆಕೆಂಡ್ ತಡವರಿಸಿದರೆ ಅಂತರವನ್ನು ಅರ್ಧ ಮಾಡಿ. ಬೆರಳಚ್ಚಿನಿಂದ ತೆರೆದದ್ದು ಅಭ್ಯಾಸದ ಲೆಕ್ಕಕ್ಕಿಲ್ಲ. ಪಾಸ್‌ವರ್ಡ್ ಮರೆಯಲು ಈ ಬೆರಳಚ್ಚೂ ಒಂದು ಕಾರಣ. ಕ್ಯಾಲೆಂಡರಿನಲ್ಲಿ ಜ್ಞಾಪನೆ ಹಾಕಿ, ಲಾಗ್ಔಟ್ ಆಗಿ, ಕೈಯಾರೆ ಟೈಪ್ ಮಾಡಿ.

ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಒಂದೊಂದು ಸರದಿ ಇರಲಿ. ಬರೀ ಲ್ಯಾಪ್‌ಟಾಪಿನಲ್ಲಿ ರೂಢಿಯಾದರೆ ಕೀಬೋರ್ಡ್ ಮುಂದೆ ಸರಾಗವಾಗಿ ಬಂದದ್ದು ಫೋನ್ ಹಿಡಿದಾಗ ಬಾರದು. ಮತ್ತೆ, ಮೊದಲನೆಯ ಪಾಸ್‌ವರ್ಡ್ 16 ದಿನದ ಅಂತರ ದಾಟುವವರೆಗೆ ಎರಡನೆಯದನ್ನು ಶುರು ಮಾಡಬೇಡಿ. ಶುರು ಮಾಡಿದಾಗ ಕಥೆಯ ಜಾಗ ಬೇರೆ ಇರಲಿ: ಒಂದು ಅಡುಗೆಮನೆ, ಇನ್ನೊಂದು ಬಸ್‌ಸ್ಟ್ಯಾಂಡ್. ಇಲ್ಲದಿದ್ದರೆ ಇದರ ಕೊಡಲಿ ಅದರ ಕಥೆಗೆ ನುಗ್ಗುತ್ತದೆ.