27ರ ಹುಡುಗನನ್ನು 55ರ ಅಪ್ಪನನ್ನಾಗಿ ಮಾಡುವುದು ಹೇಗೆ?

ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳಲ್ಲಿ ಅಪ್ಪನ ಪಾತ್ರ ಮಾಡುವವನಿಗೂ ಮಗನ ಪಾತ್ರ ಮಾಡುವವನಿಗೂ ಎಷ್ಟೋ ಸಲ ಒಂದೇ ವಯಸ್ಸು. ಇಬ್ಬರೂ ಆಫೀಸು ಮುಗಿಸಿಕೊಂಡು ರಿಹರ್ಸಲ್‌ಗೆ ಬರುವ ಹುಡುಗರೇ. ಅವರಲ್ಲೊಬ್ಬನಿಗೆ ವಯಸ್ಸು ಹೆಚ್ಚಿಸುವ ಕೆಲಸ ಗ್ರೀನ್ ರೂಮಿನಲ್ಲಿ ಆಗಬೇಕು. ಅಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಮೊದಲು ಕಪ್ಪು ಪೆನ್ಸಿಲ್ ಕೈಗೆ ಬರುತ್ತದೆ. ಹಣೆ ಮೇಲೆ ಮೂರು ಗೆರೆ, ಮೂಗಿನ ಪಕ್ಕ ಎರಡು ಗೆರೆ, ತಲೆಗೆ ಒಂದಿಷ್ಟು ಪೌಡರ್. ಹುಡುಗ ಮುದುಕನಾಗುವುದಿಲ್ಲ, ಮುಖಕ್ಕೆ ಗೀಚಿಕೊಂಡ ಹುಡುಗನಾಗಿಯೇ ಉಳಿಯುತ್ತಾನೆ.

ಕೆಲಸದ ಕ್ರಮವನ್ನು ತಿರುಗಿಸಿದರೆ ಈ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ. ಮೊದಲು ಕೂದಲಿನ ನರೆ, ಆಮೇಲೆ ಹಣೆಯ ಅಂಚು, ಕೊನೆಗೆ ಗೆರೆ. ಮೊದಲ ಎರಡು ಸರಿಯಾದರೆ ಗೆರೆಗೆ ಉಳಿಯುವ ಕೆಲಸ ತುಂಬ ಕಡಿಮೆ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ನಟನಿಗೆ 27 ವರ್ಷ, ದಟ್ಟ ಕಪ್ಪು ಕೂದಲು, ಗೋಧಿ ಬಣ್ಣದ ಮುಖ, ಮೀಸೆ ಇದೆ. ಪಾತ್ರ ಬಸವನಗುಡಿಯ ಬ್ಯಾಂಕ್ ಗುಮಾಸ್ತ, 55 ವರ್ಷ, ಮಗಳ ಮದುವೆಯ ಯೋಚನೆಯಲ್ಲಿರುವ ಅಪ್ಪ. ಜೀವನವಿಡೀ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಿದವನು, ಬಿಸಿಲಲ್ಲಿ ದುಡಿದವನಲ್ಲ. ಇದನ್ನು ಮೊದಲೇ ತಿಳಿದುಕೊಳ್ಳಬೇಕು. ಇದೇ ವಯಸ್ಸಿನ ರೈತನ ಮುಖವೇ ಬೇರೆ ಇರುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ನೀರಲ್ಲಿ ಕಲಸಿ ಹಚ್ಚುವ ಪ್ಯಾನ್‌ಕೇಕ್ ಎಂಬ ಬಿಳಿ ಮೇಕಪ್ ಬಣ್ಣ, ನಟನ ಚರ್ಮದ ಬಣ್ಣದ ಕ್ರೀಮ್ ಮತ್ತು ಅದಕ್ಕಿಂತ ಒಂದು ಪಟ್ಟು ತಿಳಿಯಾದ ಇನ್ನೊಂದು, ಸ್ವಲ್ಪ ಕಿತ್ತಳೆ ಬಣ್ಣದ ಕ್ರೀಮ್, ಕೆಂಪು ಬೆರೆತ ಕಂದು ಬಣ್ಣ, ಸಣ್ಣ ಬ್ರಷ್, ಸ್ಪಂಜು, ಹಳೆಯ ಟೂತ್‌ಬ್ರಷ್, ಬಾಚಣಿಗೆ, ಪೌಡರ್. ಚಿಕ್ಕಪೇಟೆ, ಬಳೇಪೇಟೆ ಕಡೆಯ ನಾಟಕ-ನೃತ್ಯದ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಕಪ್ಪು ಪೆನ್ಸಿಲ್ ಬೇಡವೇ ಬೇಡ. ಯಾವ ಬಣ್ಣವನ್ನಾದರೂ ಹಿಂದಿನ ದಿನವೇ ಮೊಣಕೈ ಒಳಗೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತದೆಯೇ ನೋಡಿಕೊಳ್ಳಿ.

ನರೆ ಎಲ್ಲಿಂದ ಶುರು?

ಗಂಡಸರ ತಲೆ ಸಾಮಾನ್ಯವಾಗಿ ಕಿವಿಯ ಮುಂದೆ, ಕೆನ್ನೆಗೂದಲಿನಿಂದ ನರೆಯಲು ಶುರುವಾಗುತ್ತದೆ. ಅಲ್ಲಿಂದ ಮೇಲೆ, ನೆತ್ತಿಯ ಕಡೆ ಹೋಗುತ್ತದೆ. ತಲೆಯ ಹಿಂಭಾಗ ಕೊನೆಗೆ. ಗಡ್ಡ ಇದ್ದರೆ ಗಲ್ಲದ ಎರಡು ಪಕ್ಕ ಮೊದಲು ಬೆಳ್ಳಗಾಗುತ್ತದೆ. ಎಲ್ಲ ಕಡೆ ಒಂದೇ ಸಮ ಬಿಳಿ ಬಳಿದರೆ ಕಣ್ಣು ನಂಬದೇ ಇರುವುದು ಇದಕ್ಕೇ.

ಪೌಡರ್ ಉದುರಿಸುವ ಅಭ್ಯಾಸವನ್ನು ಬಿಟ್ಟುಬಿಡಿ. ಅದು ಕೂದಲಿಗೆ ಅಂಟುವುದಿಲ್ಲ. ಮಗಳು ಬಂದು ಅಪ್ಪನನ್ನು ತಬ್ಬಿಕೊಂಡಾಗ ಮೋಡದ ಹಾಗೆ ಏಳುತ್ತದೆ, ಅವಳ ಸೀರೆಗೂ ಮೆತ್ತಿಕೊಳ್ಳುತ್ತದೆ. ಬರಿ ಬಿಳಿ ಪ್ಯಾನ್‌ಕೇಕ್ ಕೂಡ ಸಾಲದು. ದಟ್ಟ ಕಪ್ಪು ಕೂದಲಿನ ಮೇಲೆ ಶುದ್ಧ ಬಿಳಿ ಹಚ್ಚಿದರೆ ರಂಗದ ಬೆಳಕಿನಲ್ಲಿ ನೀಲಿ ಹೊಡೆಯುತ್ತದೆ. ಆದ್ದರಿಂದ ನಾಲ್ಕು ಪಾಲು ಬಿಳಿಗೆ ಒಂದು ಪಾಲು ತಿಳಿ ಚರ್ಮದ ಬಣ್ಣ ಸೇರಿಸಿ. ತಣ್ಣನೆಯ ಬಿಳಿ ಹೋಗಿ ನಿಜವಾದ ನರೆಯ ಬಣ್ಣ ಬರುತ್ತದೆ.

ಕಲಸಿದ್ದು ಮಜ್ಜಿಗೆಯಷ್ಟು ನೀರಾಗಬಾರದು, ಗಟ್ಟಿ ಮೊಸರಿನಷ್ಟು ಇರಬೇಕು. ಟೂತ್‌ಬ್ರಷ್ಷಿನ ತುದಿಗೆ ತೆಗೆದುಕೊಂಡು, ಅರ್ಧದಷ್ಟನ್ನು ಬಟ್ಟೆಗೆ ಒರೆಸಿ. ಕೆನ್ನೆಗೂದಲಿನ ಬುಡದಿಂದ ತುದಿಯವರೆಗೆ, ಕೂದಲು ಬಾಚಿದ ದಿಕ್ಕಿನಲ್ಲೇ ಎಳೆಯಿರಿ. ಬುಡ ಬಿಟ್ಟು ತುದಿಗೆ ಮಾತ್ರ ಹಚ್ಚಿದರೆ ಸುಣ್ಣ ತಾಗಿದ ಹಾಗೆ ಕಾಣುತ್ತದೆ, ಯಾಕೆಂದರೆ ನರೆ ಹುಟ್ಟುವುದೇ ಬುಡದಿಂದ. ಪೂರ್ತಿ ಒಣಗುವ ಮೊದಲೇ ಒಮ್ಮೆ ಬಾಚಿ. ಆಗ ಎಳೆ ಎಳೆ ಬೇರೆಯಾಗಿ, ಕಪ್ಪಿನ ನಡುವೆ ಬಿಳಿ ಸೇರಿಕೊಳ್ಳುತ್ತದೆ.

ನಮ್ಮ ಗುಮಾಸ್ತನಿಗೆ ಕಿವಿಯ ಮುಂದೆ ಅರ್ಧಕ್ಕಿಂತ ಹೆಚ್ಚು ನರೆ, ಕಿವಿಯ ಮೇಲೆ ಎರಡು ಬೆರಳಗಲ ಸ್ವಲ್ಪ ಕಡಿಮೆ, ನೆತ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಸಾಕು. ಎಡಕ್ಕೂ ಬಲಕ್ಕೂ ಸ್ವಲ್ಪ ವ್ಯತ್ಯಾಸ ಇರಲಿ. ಮೀಸೆಗೆ ಒಣ ಬ್ರಷ್ಷಿನಲ್ಲಿ ಒಂದೇ ಸಲ ಸವರಿ. ಹುಬ್ಬಿಗೆ ಬಿಳಿ ಬೇಡ. ಈ ವಯಸ್ಸಿಗೆ ಹುಬ್ಬು ಬೆಳ್ಳಗಾಗುವುದಕ್ಕಿಂತ ಒರಟಾಗುತ್ತದೆ, ಕೆಲವು ಕೂದಲು ಉದ್ದವಾಗುತ್ತವೆ. ಹುಬ್ಬನ್ನು ಕೂದಲು ಬೆಳೆದ ದಿಕ್ಕಿಗೆ ವಿರುದ್ಧವಾಗಿ ಬಾಚಿ, ಬೆರಳಿನಿಂದ ಸ್ವಲ್ಪ ಕೂರಿಸಿದರೆ ಆಯಿತು.

ಹಣೆಯ ಅಂಚು

ಇದು ಕಷ್ಟದ ಭಾಗ, ಹಾಗಾಗಿ ಬಹಳ ಜನ ಬಿಟ್ಟೇಬಿಡುತ್ತಾರೆ. ಆದರೆ 27ಕ್ಕೂ 55ಕ್ಕೂ ಇರುವ ವ್ಯತ್ಯಾಸದಲ್ಲಿ ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಇದೇ. ಗಂಡಸರಲ್ಲಿ ಹಣೆಯ ಎರಡು ಮೂಲೆಗಳಲ್ಲಿ ಕೂದಲು ಹಿಂದೆ ಸರಿಯುತ್ತದೆ, ನಡುವಿನ ಭಾಗ ಮುಂದೆ ಉಳಿಯುತ್ತದೆ. ಆ ಮೂಲೆಗಳನ್ನು ಒಂದು ಸೆಂಟಿಮೀಟರ್, ಹೆಚ್ಚೆಂದರೆ ಒಂದೂವರೆ, ಹಿಂದೆ ತಂದರೆ ಸಾಕು.

ಬೋಳಿಸುವುದು ಸುಲಭ ಅನ್ನಿಸಬಹುದು. ಸೋಮವಾರ ಬೆಳಗ್ಗೆ ಆಫೀಸಿಗೆ ಹೋಗಬೇಕಾದ ಹುಡುಗ ಒಪ್ಪುವುದಿಲ್ಲ, ಒಪ್ಪಿದರೂ ಬೋಳಿಸಿದ ಜಾಗ ಹಸಿರು ಹೊಡೆಯುತ್ತದೆ. ಅದರ ಬದಲು ಮಕ್ಕಳು ಶಾಲೆಯಲ್ಲಿ ಬಳಸುವ, ನೀರಲ್ಲಿ ತೊಳೆದುಹೋಗುವ ಗಮ್ ಸ್ಟಿಕ್ ತೆಗೆದುಕೊಳ್ಳಿ. ಮೂಲೆಯ ಕೂದಲನ್ನು ಹಿಂದಕ್ಕೆ ಬಾಚುತ್ತಾ ಗಮ್ ಸವರಿ ಚಪ್ಪಟೆ ಮಾಡಿ, ಒಣಗಲು ಬಿಡಿ. ಇನ್ನೊಮ್ಮೆ ಸವರಿ. ಕೆಲವರು ಒದ್ದೆ ಸೋಪು ಉಜ್ಜುತ್ತಾರೆ. ಅದೂ ನಡೆಯುತ್ತದೆ, ಆದರೆ ಬೆವರಿದರೆ ನೊರೆ ಬಂದು ಕಣ್ಣಿಗೆ ಇಳಿಯುತ್ತದೆ. ಎರಡು ಗಂಟೆಯ ನಾಟಕಕ್ಕೆ ಅದು ಬೇಡ.

ಒಣಗಿದ ಮೇಲೆ ನೇರವಾಗಿ ಚರ್ಮದ ಬಣ್ಣ ಹಚ್ಚಬೇಡಿ, ಕೆಳಗಿನ ಕಪ್ಪು ಬೂದಿಯಾಗಿ ಕಾಣುತ್ತದೆ. ಮೊದಲು ಕಿತ್ತಳೆ ಕ್ರೀಮ್ ತೆಳ್ಳಗೆ, ಅದರ ಮೇಲೆ ಪೌಡರ್, ಆಮೇಲೆ ಚರ್ಮದ ಬಣ್ಣ. ಎಲ್ಲವನ್ನೂ ಸ್ಪಂಜಿನಿಂದ ತಟ್ಟಬೇಕು, ಎಳೆಯಬಾರದು. ಮುಖ್ಯವಾದ ಮಾತು: ಹೊಸ ಅಂಚು ಗೆರೆ ಎಳೆದ ಹಾಗೆ ನೇರವಾಗಿರಬಾರದು. ಬಾಚಣಿಗೆಯ ತುದಿಯಿಂದ ಏಳೆಂಟು ಕೂದಲನ್ನು ಎಬ್ಬಿಸಿ, ಬಣ್ಣದ ಮೇಲೆ ಬೀಳುವಂತೆ ಬಿಡಿ. ಆ ಏಳೆಂಟು ಕೂದಲೇ ಉಳಿದ ಕೆಲಸವನ್ನು ಮುಚ್ಚುತ್ತವೆ.

ಕೂದಲು ತೀರಾ ದಟ್ಟ ಮತ್ತು ಗಡುಸಾಗಿದ್ದರೆ ಇದು ಆಗುವುದಿಲ್ಲ, ಉಬ್ಬು ಕಾಣುತ್ತದೆ. ಆಗ ಸುಮ್ನೆ ಒದ್ದಾಡಬೇಡಿ. ಎಣ್ಣೆ ಅಥವಾ ಜೆಲ್ ಹಚ್ಚಿ, ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ಹಿಂದಕ್ಕೆ ಬಾಚಿ. ಕೂದಲು ಎಳೆಎಳೆಯಾಗಿ ಗುಂಪಾಗಿ, ನಡುವೆ ತಲೆಯ ಚರ್ಮ ಇಣುಕುತ್ತದೆ. ಆ ಸಂದುಗಳಿಗೆ ತಿಳಿ ಬಣ್ಣ ತಟ್ಟಿದರೆ ಕೂದಲು ತೆಳುವಾದಂತೆ ಕಾಣುತ್ತದೆ.

ಅಮ್ಮನ ಪಾತ್ರಕ್ಕೆ ಹಣೆಯ ಮೂಲೆ ಮುಟ್ಟಬೇಡಿ. ಹೆಂಗಸರಲ್ಲಿ ಮುಂದಿನ ಅಂಚು ಬಹುಮಟ್ಟಿಗೆ ಹಾಗೇ ಇದ್ದು ಬೈತಲೆ ಅಗಲವಾಗುತ್ತದೆ. ಬೈತಲೆಯ ಎರಡೂ ಬದಿಗೆ ಚರ್ಮದ ಬಣ್ಣ ತಟ್ಟಿ, ಅದರ ಪಕ್ಕದ ಬುಡಕ್ಕೆ ನರೆ ಕೊಡಿ. ಕೂದಲಿಗೆ ಬಣ್ಣ ಹಚ್ಚಿಕೊಳ್ಳುವ ಅಮ್ಮನಾದರೆ ಬುಡದಲ್ಲಿ ಮಾತ್ರ ಬೆರಳಗಲ ಬಿಳಿ, ಮುಂದೆ ಕಪ್ಪು. ನಮ್ಮ ಮನೆಗಳಲ್ಲಿ ದಿನಾ ನೋಡುವುದೇ ಅಲ್ವಾ?

ಗೆರೆ ಅಂದರೆ ನೆರಳು

ಇಲ್ಲಿಗೆ ಬಂದಾಗ ಒಮ್ಮೆ ಹಿಂದೆ ಸರಿದು ನೋಡಿ. ನಟ ಆಗಲೇ 45 ದಾಟಿರುತ್ತಾನೆ. ಇನ್ನು ಹತ್ತು ವರ್ಷ ಮಾತ್ರ ಸೇರಿಸಬೇಕು.

ನಮ್ಮ ಕಂದು ಚರ್ಮದಲ್ಲಿ ಸಣ್ಣ ಸುಕ್ಕು ಬಿಳಿ ಚರ್ಮಕ್ಕಿಂತ ತಡವಾಗಿ ಬರುತ್ತದೆ. ವಯಸ್ಸು ಹೆಚ್ಚು ಕಾಣುವುದು ಕಣ್ಣಿನ ಸುತ್ತಲಿನ ಕಪ್ಪಿನಲ್ಲಿ, ಕೆನ್ನೆಯ ಬಣ್ಣ ಒಂದೇ ಸಮ ಇಲ್ಲದಿರುವುದರಲ್ಲಿ, ಮೂಗಿನ ಪಕ್ಕದ ಮಡಿಕೆಯಲ್ಲಿ. ಹಾಗಾಗಿ ವಿದೇಶಿ ವಿಡಿಯೋ ನೋಡಿ ಕಣ್ಣಿನ ಪಕ್ಕ ಹತ್ತು ಗೆರೆ ಬರೆದರೆ ಅದು ಬಸವನಗುಡಿಯ ಅಪ್ಪನ ಮುಖ ಆಗುವುದಿಲ್ಲ.

ಕಣ್ಣಿನ ಒಳಮೂಲೆಯಿಂದ ಕೆಳಗೆ ಇಳಿಯುವ ತಗ್ಗಿಗೆ ಕೆಂಪು-ಕಂದು ಬಣ್ಣವನ್ನು ಬೆರಳಿನಿಂದ ಮೆತ್ತಿ. ಕಪ್ಪು ಅಥವಾ ಬೂದು ಹಚ್ಚಿದರೆ ಕೊಳೆಯಂತೆ ಕಾಣುತ್ತದೆ. ಆಮೇಲೆ ನಟನಿಗೆ ನಗಲು ಹೇಳಿ. ಮೂಗಿನ ಪಕ್ಕ ಅವನದೇ ಮಡಿಕೆ ಬೀಳುತ್ತದೆ. ಸಣ್ಣ ಬ್ರಷ್ಷಿನಲ್ಲಿ ಆ ಮಡಿಕೆಯೊಳಗೆ ಬಣ್ಣ ಇಟ್ಟು, ನಗು ನಿಲ್ಲಿಸಲು ಹೇಳಿ. ಮೂಗಿನ ಕಡೆಯ ಅಂಚು ಹಾಗೇ ಇರಲಿ, ಕೆನ್ನೆಯ ಕಡೆಯ ಅಂಚನ್ನು ಬೆರಳಿನಿಂದ ಕರಗಿಸಿ. ಆ ಕೆನ್ನೆಯ ಉಬ್ಬಿಗೆ ತಿಳಿ ಬಣ್ಣ ಸ್ವಲ್ಪ ಕೊಡಿ. ನೆರಳಿನ ಪಕ್ಕ ಬೆಳಕು ಬಂದಾಗ ಗೆರೆ ಹೋಗಿ ಮಡಿಕೆ ಆಗುತ್ತದೆ. ಬಾಯಿಯ ಮಟ್ಟ ತಲುಪುವ ಮೊದಲೇ ಬಣ್ಣ ಮಾಯವಾಗಬೇಕು. ಗಲ್ಲದವರೆಗೆ ಎಳೆದರೆ ಗೊಂಬೆಯ ದವಡೆ ಆಗುತ್ತದೆ.

ಹಣೆಗೂ ಇದೇ ರೀತಿ. ಹುಬ್ಬೇರಿಸಿದಾಗ ಬೀಳುವ ಗೆರೆಗಳಲ್ಲಿ ಎರಡನ್ನು ಮಾತ್ರ ಆರಿಸಿ, ನಡುವೆ ಅಲ್ಲಲ್ಲಿ ತುಂಡಾಗಿ ಬಿಡಿ. ಈ ಗುಮಾಸ್ತ ಕನ್ನಡಕದವನು, ಆದ್ದರಿಂದ ಮೂಗಿನ ಎರಡು ಪಕ್ಕ ಕನ್ನಡಕ ಕೂರುವ ಗುಳಿಗೆ ಒಂದೊಂದು ಚುಕ್ಕೆ ನೆರಳು ಇಡಿ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ದೃಶ್ಯದಲ್ಲಿ ಅದು ಕೆಲಸಕ್ಕೆ ಬರುತ್ತದೆ. ಕುತ್ತಿಗೆ, ಕೈ ಮರೆಯಬೇಡಿ. ಕೈಯ ಹಿಂಭಾಗದಲ್ಲಿ ಬೆರಳುಗಳ ನಡುವಿನ ತಗ್ಗಿಗೆ ಅದೇ ಕಂದು ಬಣ್ಣ ಸವರಿದರೆ ಸಾಕು.

ಇಷ್ಟಾದ ಮೇಲೆ ನಟ ಕನ್ನಡಿ ನೋಡಿ “ಸರ್, ಇನ್ನೆರಡು ಗೆರೆ ಹಾಕಿ, ಏನೂ ಕಾಣ್ತಿಲ್ಲ” ಅನ್ನುತ್ತಾನೆ. ಹಾಕಬೇಡಿ. ಜೆ.ಪಿ. ನಗರದ ರಂಗಶಂಕರದಲ್ಲಿ ಮುಂದಿನ ಸಾಲಿನವರು ನಟನಿಗೆ ತೀರಾ ಹತ್ತಿರ ಕೂತಿರುತ್ತಾರೆ, ಹೆಚ್ಚಿನ ಗೆರೆ ಅಲ್ಲಿ ತಕ್ಷಣ ಬಣ್ಣವಾಗಿ ಕಾಣುತ್ತದೆ. ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣವಾದರೆ ನೆರಳನ್ನು ಅರ್ಧ ಪಟ್ಟು ಗಾಢ ಮಾಡಬಹುದು. ಆಗಲೂ ಗೆರೆಗಳ ಸಂಖ್ಯೆ ಹೆಚ್ಚಬಾರದು.

ಪರೀಕ್ಷೆಯನ್ನು ರಂಗದ ಬೆಳಕಿನಲ್ಲೇ ಮಾಡಬೇಕು. ಮೇಲಿನಿಂದ ಬೀಳುವ ಬೆಳಕು ತಾನೇ ಕಣ್ಣಿನ ಕೆಳಗೆ ನೆರಳು ಹಾಕುತ್ತದೆ, ಹಾಗಿದ್ದರೆ ಅಲ್ಲಿನ ಬಣ್ಣ ತಗ್ಗಿಸಿ. ರಾತ್ರಿಯ ದೃಶ್ಯಕ್ಕೆ ನೀಲಿ ಬೆಳಕಿದ್ದರೆ ಕೆಂಪು ಕಂದು ಹೆಚ್ಚುಕಡಿಮೆ ಕಪ್ಪಾಗುತ್ತದೆ, ಲೈಟಿಂಗ್ ಮಾಡುವವರನ್ನು ಮೊದಲೇ ಕೇಳಿಕೊಳ್ಳಿ. ನಟನನ್ನು ನಿಲ್ಲಿಸಿ ನಗಿಸಿ. ಬರೆದ ಗೆರೆಯ ಪಕ್ಕ ಇನ್ನೊಂದು ನಿಜ ಗೆರೆ ಎದ್ದರೆ ಜಾಗ ತಪ್ಪಿದೆ, ಒರೆಸಿ ಮತ್ತೆ ಇಡಿ. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡುವುದೂ ಒಳ್ಳೆಯದು. ಅದರಲ್ಲಿ ಮುಖಕ್ಕಿಂತ ಮೊದಲು ಗೆರೆ ಕಣ್ಣಿಗೆ ಬಿದ್ದರೆ ಬಣ್ಣ ಜಾಸ್ತಿಯಾಗಿದೆ.

ಎಲ್ಲ ಸರಿ ಅನ್ನಿಸಿದ ಮೇಲೆ ಪೌಡರನ್ನು ಪಫ್‌ನಿಂದ ಒತ್ತಿ, ಉಜ್ಜಬೇಡಿ. ಆಮೇಲೆ ಮುಂದಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಮರುದಿನ ಎರಡನೇ ಪ್ರದರ್ಶನ ಇದ್ದರೆ ನರೆ ಬಲಗಡೆ ಎಷ್ಟಿತ್ತು, ಮೂಲೆ ಎಲ್ಲಿಯವರೆಗೆ ಹೋಗಿತ್ತು ಎಂದು ಅದೇ ಹೇಳುತ್ತದೆ. ನಾಟಕ ಮುಗಿದ ಮೇಲೆ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿಯಿಂದ ಒರೆಸಿ, ಆಮೇಲೆ ಸೋಪು. ಗಮ್ ಹಾಕಿದ ಜಾಗವನ್ನು ಕೀಳಬೇಡಿ. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿದ ಬಟ್ಟೆಯನ್ನು ಎರಡು ನಿಮಿಷ ಅಲ್ಲಿ ಇಟ್ಟರೆ ಗಮ್ ತಾನಾಗಿ ಬಿಟ್ಟುಕೊಳ್ಳುತ್ತದೆ. ನರೆ ಶಾಂಪೂಗೆ ಹೋಗುತ್ತದೆ, ಎರಡು ಸಲ ಹಾಕಬೇಕಾಗಬಹುದು.