‘ನಾನು’ ಹೇಳುವ ಕಥೆಯನ್ನು ಎಷ್ಟು ನಂಬಬೇಕು? ಪರೀಕ್ಷಿಸುವುದು ಹೀಗೆ

ಮೈಸೂರಿನ ನಮ್ಮ ಓದುಗರ ಕೂಟದಲ್ಲಿ ‘ನಾನು’ ಎಂದು ಶುರುವಾಗುವ ಕಥೆ ಬಂದಾಗೆಲ್ಲ ಎರಡು ಗುಂಪಾಗುತ್ತದೆ. ಒಂದು ಗುಂಪು ಹೇಳಿದ್ದನ್ನೆಲ್ಲ ನಂಬಿ ‘ಪಾಪ’ ಅನ್ನುತ್ತದೆ. ಇನ್ನೊಂದು ಎರಡನೇ ಪುಟಕ್ಕೇ ‘ಇವನು ಸುಳ್ಳುಗಾರ’ ಎಂದು ಪುಸ್ತಕ ಮುಚ್ಚುತ್ತದೆ. ಎರಡೂ ಅವಸರದ ಓದು. ಪರೀಕ್ಷಿಸುವ ದಾರಿ ಬೇರೆ ಇದೆ. ಅದಕ್ಕೆಂದೇ ಮಂಡ್ಯ ಕಡೆಯ ಒಬ್ಬ ಅಣ್ಣನ ಮಾತನ್ನು ಇಲ್ಲಿ ಬರೆದಿದ್ದೇನೆ:

“ಅಪ್ಪ ಹೋದ ಮೇಲೆ ಮನೆ ಜವಾಬ್ದಾರಿಯೆಲ್ಲ ನನ್ನ ಮೇಲೇ ಬಿತ್ತು. ನನಗೆ ಕೋಪ ಜಾಸ್ತಿ, ಒಪ್ಕೋತೀನಿ. ಆದರೆ ತಮ್ಮನಿಗೆ ಮೋಸ ಮಾಡಿದವನಲ್ಲ. ನಾಲೆ ಪಕ್ಕದ ಗದ್ದೆ ಅಣ್ಣನಿಗೇ ಇರಲಿ ಅಂತ ಅವನೇ ಹೇಳಿದ. ಪಾಲು ಪತ್ರ ಆದ ದಿನ ಮನೆಯಲ್ಲಿ ಒಬ್ಬಟ್ಟು. ಆ ಒಬ್ಬಟ್ಟಿನ ಸಾರಿನ ರುಚಿ ಇನ್ನೂ ನಾಲಿಗೆ ಮೇಲಿದೆ. ತಮ್ಮನ ಹೆಂಡತಿ ಊಟಕ್ಕೆ ಕೂರಲಿಲ್ಲ, ತಲೆನೋವಂತೆ. ಮರುವರ್ಷ ಅವರು ಮಂಡ್ಯದಲ್ಲಿ ಬಾಡಿಗೆ ಮನೆ ಹಿಡಿದರು, ಪೇಟೆ ಮೋಹ. ಈಗ ಫೋನ್ ಮಾಡಿದರೆ ತೆಗೆಯುವುದಿಲ್ಲ. ಕೆಲಸ ಜಾಸ್ತಿ ಇರಬೇಕು.”

1. ಮೊದಲ ಸಲ ಸುಮ್ನೆ ನಂಬಿ ಓದಿ. ಹಿನ್ನುಡಿ, ಸಾರಾಂಶದ ವಿಡಿಯೊ ಯಾವುದೂ ಬೇಡ. ‘ಇವನನ್ನು ನಂಬಬೇಡಿ’ ಎಂದು ಮೊದಲೇ ಹೇಳಿಬಿಡುವ ಪರೀಕ್ಷಾ ಗೈಡುಗಳಂತೂ ಓದುವ ಸುಖವನ್ನೇ ಹಾಳು ಮಾಡುತ್ತವೆ.

2. ಎಲ್ಲಿ ನಂಬಿಕೆ ಹುಟ್ಟಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಇಲ್ಲಿ ಎರಡು ಕಡೆ. ‘ಕೋಪ ಜಾಸ್ತಿ’ ಎಂದು ಸಣ್ಣ ತಪ್ಪು ಒಪ್ಪಿಕೊಂಡವನು ದೊಡ್ಡದನ್ನು ಮುಚ್ಚಿಡಲಾರ ಅಂತ ನಮಗೆ ಅನಿಸುತ್ತದೆ. ಸಾರಿನ ರುಚಿ ಅಷ್ಟು ಚೆನ್ನಾಗಿ ನೆನಪಿರುವಾಗ ಉಳಿದದ್ದೂ ಸರಿಯಾಗಿಯೇ ನೆನಪಿರಬೇಕು ಅನಿಸುತ್ತದೆ. ಆದರೆ ಸಾರಿನ ನೆನಪು ಪಾಲಿನ ವಿಷಯಕ್ಕೆ ಸಾಕ್ಷಿಯಲ್ಲ.

3. ಕಷ್ಟದ ಹಂತ ಇದೇ, ಬಹಳ ಜನ ಎಡವುವುದೂ ಇಲ್ಲೇ. ಅವರು ಸುಳ್ಳು ಹುಡುಕುತ್ತಾರೆ. ಹುಡುಕಬೇಕಾದದ್ದು ಹೇಳದೆ ಬಿಟ್ಟ ಜಾಗವನ್ನು.

ಯಾರೂ ಕೇಳದ ಪ್ರಶ್ನೆಗೆ ಉತ್ತರ ಎಲ್ಲಿದೆ ನೋಡಿ. ‘ಮೋಸ ಮಾಡಿದವನಲ್ಲ’ ಅನ್ನುತ್ತಾನೆ. ಮೋಸ ಅಂದವರು ಯಾರು? ಯಾರೋ ಅಂದಿದ್ದಾರೆ, ಆ ಮಾತು ಕಥೆಯಲ್ಲಿ ಇಲ್ಲ.

ಆಮೇಲೆ ಲೆಕ್ಕ. ಅಣ್ಣನಿಗೆ ನಾಲೆ ಪಕ್ಕದ ಗದ್ದೆ ಬಂತು. ತಮ್ಮನಿಗೆ? ಒಂದು ಮಾತೂ ಇಲ್ಲ. ನಾಲೆ ನೀರು ಹರಿಯುವ ಗದ್ದೆಗೂ ಮಳೆ ನಂಬಿದ ಖುಷ್ಕಿ ಹೊಲಕ್ಕೂ ಎಷ್ಟು ವ್ಯತ್ಯಾಸ ಎಂಬುದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಲಿನ ಕಥೆ ಹೇಳುತ್ತಾ ಒಂದೇ ಪಾಲು ಹೇಳಿದರೆ ಅದೇ ದೊಡ್ಡ ಬಿರುಕು.

ಕೊನೆಗೆ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಮಾಡಿ. ಕಂಡದ್ದು ಇಷ್ಟೇ: ಅವಳು ಊಟಕ್ಕೆ ಕೂರಲಿಲ್ಲ, ಅವರು ಊರು ಬಿಟ್ಟರು, ಫೋನ್ ತೆಗೆಯುವುದಿಲ್ಲ. ತಲೆನೋವು, ಪೇಟೆ ಮೋಹ, ಕೆಲಸ ಇವೆಲ್ಲ ಅವನು ಅಂಟಿಸಿದ ಕಾರಣಗಳು. ಕನ್ನಡದಲ್ಲಿ ‘ಅಂತೆ’, ‘ಇರಬೇಕು’ ಬಂದ ಕಡೆ ತಪ್ಪದೆ ನಿಲ್ಲಿ. ಹೇಳುವವನು ಕಣ್ಣಾರೆ ಕಂಡಿಲ್ಲ ಎಂಬುದಕ್ಕೆ ಅವೇ ಗುರುತು. ‘ಪೇಟೆ ಮೋಹ’ಕ್ಕೆ ಆ ಗುರುತೂ ಇಲ್ಲ, ಊಹೆ ನಿಜದ ವೇಷದಲ್ಲೇ ಬಂದಿದೆ. ಕಾರಣಗಳನ್ನು ಹೊಡೆದುಹಾಕಿ ಬರೀ ಘಟನೆಗಳನ್ನು ಓದಿದರೆ, ಮುನಿಸಿಕೊಂಡು ದೂರವಾದ ಒಂದು ಸಂಸಾರ ಕಾಣುತ್ತದೆ.

4. ಬಿರುಕು ಯಾರದು ಎಂದು ತೀರ್ಮಾನಿಸಿ. ಲೇಖಕರೂ ಮರೆಯುತ್ತಾರೆ. ಮಗುವಿನ ವಯಸ್ಸು ಒಂದೊಂದು ಕಡೆ ಒಂದೊಂದಾದರೆ ಅದು ಬರೀ ಕೈತಪ್ಪಿರಬಹುದು. ಆದರೆ ಬಿಟ್ಟ ಮಾತುಗಳೆಲ್ಲ ಹೇಳುವವನಿಗೇ ಅನುಕೂಲವಾಗಿದ್ದರೆ ಲೇಖಕರು ಬೇಕೆಂದೇ ಇಟ್ಟಿದ್ದಾರೆ. ಅಮೆರಿಕದ ವಿಮರ್ಶಕ ವೇನ್ ಬೂತ್ 1961ರಲ್ಲಿ ‘ನಂಬಲಾಗದ ನಿರೂಪಕ’ ಎಂಬ ಮಾತನ್ನು ಬಳಕೆಗೆ ತಂದಾಗ ಅವರು ಹೇಳಿದ್ದು ಬರೀ ಸುಳ್ಳಿನ ವಿಷಯವಲ್ಲ. ನಿರೂಪಕನ ನಿಲುವಿಗೂ ಕೃತಿಯ ನಿಲುವಿಗೂ ಇರುವ ಅಂತರವನ್ನು ಅವರು ನೋಡಿದರು. ಈ ಅಣ್ಣ ಒಂದೂ ಸುಳ್ಳು ಹೇಳಿಲ್ಲದೆ ಇರಬಹುದು. ತನ್ನ ಮಾತನ್ನು ತಾನೇ ನಂಬಿರಬಹುದು. ಆಗಲೂ ಅವನು ನಂಬಲಾಗದ ನಿರೂಪಕನೇ. ಮಗು ಕಥೆ ಹೇಳುವಾಗಲೂ ಹೀಗೇ: ಕಂಡದ್ದು ಸರಿ ಇರುತ್ತದೆ, ಅರ್ಥ ಮಾಡಿಕೊಂಡದ್ದು ತಪ್ಪಿರುತ್ತದೆ.

5. ಈಗ ಅದೇ ಕಥೆಯನ್ನು ತಮ್ಮನ ಹೆಂಡತಿಯ ಬಾಯಲ್ಲಿ ನಾಲ್ಕು ಸಾಲು ಬರೆಯಿರಿ. ಈ ಹಂತ ಬಿಡಲೇಬೇಡಿ. ಷರತ್ತು ಒಂದೇ, ಅಣ್ಣ ಹೇಳಿದ ಘಟನೆಗಳನ್ನು ಮಾತ್ರ ಬಳಸಬೇಕು. “ಪತ್ರ ಆದ ದಿನ ಒಬ್ಬಟ್ಟು ಮಾಡಿದ್ದರು. ನಾನು ಊಟಕ್ಕೆ ಕೂರಲಿಲ್ಲ. ಮರುವರ್ಷ ಊರು ಬಿಟ್ಟೆವು.” ಇಷ್ಟು ನಿಲ್ಲುತ್ತದೆ. ‘ಹೆದರಿಸಿ ಸಹಿ ಹಾಕಿಸಿದರು’ ಎಂದು ಸೇರಿಸಿದಿರೋ, ಅದು ಕಥೆಯಲ್ಲಿಲ್ಲ, ಅಳಿಸಿ. ತಮ್ಮ ಗದ್ದೆಯನ್ನು ಮನಸಾರೆ ಬಿಟ್ಟುಕೊಟ್ಟನೋ, ಬೇರೆ ದಾರಿಯಿಲ್ಲದೆ ಬಿಟ್ಟನೋ ಎಂಬುದನ್ನು ಈ ಕಥೆಯಿಂದ ತೀರ್ಮಾನಿಸಲು ಆಗುವುದಿಲ್ಲ.