ವಾಚ್‌ಮನ್ ಆಗೋಕೆ ಮುಂಚೆ ಏನು ಕೆಲಸ ಮಾಡ್ತಿದ್ರಿ?

ಹೊಸೂರಿನ ನನ್ನ ಕ್ಲಿನಿಕ್ಕಿಗೆ ಡೆಂಕಣಿಕೋಟೆ ಕಡೆಯಿಂದ 46 ವರ್ಷದ ಒಬ್ಬರು ಹೆಂಡತಿ ಜೊತೆ ಬಂದಿದ್ದರು. ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಬೇರೆ ಕಡೆ ಎರಡು ಸಲ ಟಿಬಿ ಮಾತ್ರೆ ಪೂರ್ತಿ ಕೊಟ್ಟಿದ್ದರು. ಎರಡು ಸಲವೂ ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಎಕ್ಸ್‌ರೇ ನೋಡಿಯೇ ಶುರು ಮಾಡಿದ್ದರು. ಕೆಲಸ ಏನು ಅಂತ ಕೇಳಿದೆ. "ವಾಚ್‌ಮನ್ ಸಾರ್" ಅಂದರು. ನಾನೂ ಅಷ್ಟನ್ನೇ ಬರೆದುಕೊಂಡೆ. ಅದು ನನ್ನ ತಪ್ಪು.

ಎಕ್ಸ್‌ರೇ ಕೈಗೆ ಬಂದಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ರಾಗಿ ಕಾಳು ಚೆಲ್ಲಿದಂತೆ ಸಣ್ಣ ದುಂಡು ಚುಕ್ಕೆಗಳು. ಕೆಳಗೆ ಬರುತ್ತಾ ಕಡಿಮೆಯಾಗುತ್ತಿದ್ದವು. ಶ್ವಾಸನಾಳ ಶ್ವಾಸಕೋಶದೊಳಗೆ ಹೋಗುವ ಜಾಗವಾದ ಹೈಲಮ್ ಹತ್ತಿರದ ದುಗ್ಧಗ್ರಂಥಿಗಳ ಅಂಚಿನಲ್ಲಿ ಮಾತ್ರ ಸುಣ್ಣ ಕಟ್ಟಿ, ಮೊಟ್ಟೆಯ ಚಿಪ್ಪಿನಂತೆ ತೆಳು ಬಿಳಿ ಗೆರೆ. ಹೀಗೆ ಚಿಪ್ಪು ಕಟ್ಟುವುದು ಟಿಬಿಯಲ್ಲಿ ಅಪರೂಪ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ, ಸಿಲಿಕೋಸಿಸ್ ನೆನಪಾಯಿತು. ಮತ್ತೆ ಕೂರಿಸಿಕೊಂಡು ಕೇಳಿದೆ: "ಅಣ್ಣಾ, ಮೊದಲನೇ ಕೂಲಿ ಕೆಲಸದಿಂದ ಹೇಳಿ. ಎಲ್ಲಿ, ಎಷ್ಟು ವರ್ಷ?"

ಆಮೇಲೆ ಒಂದೊಂದೇ ಹೊರಗೆ ಬಂತು. ಹದಿನೆಂಟನೇ ವಯಸ್ಸಿಂದ ಕೃಷ್ಣಗಿರಿ ಕಡೆಯ ಗ್ರಾನೈಟ್ ಕ್ವಾರಿಗಳಲ್ಲಿ 14 ವರ್ಷ ಡ್ರಿಲ್ ಹೊಡೆದಿದ್ದರು. ವಾರಕ್ಕೆ ಆರು ದಿನ. ನೀರು ಹಾಕಿ ಡ್ರಿಲ್ ಮಾಡ್ತಿದ್ರಾ ಅಂದರೆ, "ಇಲ್ಲ ಸಾರ್, ಒಣಗಲ್ಲಿಗೇ." ಮೂಗಿಗೆ? "ಟವೆಲ್." ಹೆಂಡತಿ ಸೇರಿಸಿದರು: "ಸಂಜೆ ಬಂದ್ರೆ ಇವರ ರೆಪ್ಪೆಗೂದಲು ಕೂಡ ಬೆಳ್ಳಗಿರ್ತಿತ್ತು. ಬಟ್ಟೆ ನಾನೇ ಒದರ್ತಿದ್ದೆ." ಟವೆಲ್ ತಡೆಯುವುದು ಕಣ್ಣಿಗೆ ಕಾಣುವ ಧೂಳನ್ನು. ಶ್ವಾಸಕೋಶದ ಆಳಕ್ಕೆ ಇಳಿಯುವುದು 5 ಮೈಕ್ರಾನ್‌ಗಿಂತ ಚಿಕ್ಕ ಕಣ, ಅದು ಕಾಣುವುದೇ ಇಲ್ಲ. ಡ್ರಿಲ್ ಬಿಟ್ಟು 14 ವರ್ಷವಾಗಿದ್ದರೂ ಒಳಗಿನ ಸಿಲಿಕಾ ಸುಮ್ನೆ ಕೂತಿರುವುದಿಲ್ಲ. ಕೆಲಸ ಬಿಟ್ಟ ಮೇಲೂ ಕಾಯಿಲೆ ಬೆಳೆಯುತ್ತದೆ. ನಾನು ಕೊನೆಗೆ ಯಾವಾಗಲೂ ಕೇಳುವ ಪ್ರಶ್ನೆ, ಜೊತೆಯವರು ಹೇಗಿದ್ದಾರೆ ಅಂತ. ಡ್ರಿಲ್ಲಿಗೆ ಗಾಳಿ ಒದಗಿಸುವ ಒಂದೇ ಕಂಪ್ರೆಸರ್‌ನಲ್ಲಿ ದುಡಿದ ಐದು ಜನರಲ್ಲಿ ಇಬ್ಬರು ಕೆಮ್ಮಿ ಕೆಮ್ಮಿಯೇ ತೀರಿಕೊಂಡಿದ್ದರಂತೆ.

ಕಲ್ಲಿದ್ದಲು ಗಣಿಯಲ್ಲಿ ದುಡಿದವರಲ್ಲೂ ಇಂಥ ಚುಕ್ಕೆ ಬರುತ್ತವೆ. ಸಿಲಿಕಾ ಟಿಬಿ ಅಪಾಯವನ್ನೂ ಏರಿಸುತ್ತದೆ, ಅಲ್ಲಿ ಆ ಅಪಾಯ ಬಹುಮಟ್ಟಿಗೆ ಧೂಳಿನಲ್ಲಿ ಸಿಲಿಕಾ ಎಷ್ಟಿತ್ತು ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಕಲ್ಲಿದ್ದಲು ತುಂಬಿದವರೋ, ಮೇಲಿನ ಬಂಡೆ ಕೊರೆದವರೋ ಅಂತ ಬಿಡಿಸಿ ಕೇಳಬೇಕು.

ಸಿಲಿಕೋಸಿಸ್ ಅಂತ ಗೊತ್ತಾದ ಕೂಡಲೇ ಟಿಬಿ ಇಲ್ಲ ಅಂದುಬಿಡುವುದು ಇನ್ನೊಂದು ತಪ್ಪು. ಟಿಬಿ ಕ್ರಿಮಿಯನ್ನು ನುಂಗಿ ಕೊಲ್ಲುವ ಜೀವಕೋಶವನ್ನೇ ಸಿಲಿಕಾ ಹಾಳು ಮಾಡುತ್ತದೆ. ಇವರಿಗೆ ಎರಡು ತಿಂಗಳಿಂದ ಸಂಜೆ ಜ್ವರ, ನಾಲ್ಕು ಕಿಲೋ ತೂಕ ಇಳಿದಿತ್ತು. ಹಳೇ ಎಕ್ಸ್‌ರೇ ಹುಡುಕಿ ತರಲು ಹೇಳಿದೆ. ಟ್ರಂಕಿನ ತಳದಲ್ಲಿ ಮೂರು ವರ್ಷ ಹಿಂದಿನದು ಸಿಕ್ಕಿತು. ಎರಡನ್ನೂ ಕಿಟಕಿಗೆ ಹಿಡಿದು ನೋಡಿದೆ. ಚುಕ್ಕೆಗಳು ಹಾಗೇ ಇದ್ದವು. ಬಲ ಮೇಲ್ಭಾಗದಲ್ಲಿ ಚುಕ್ಕೆಗಳು ಕೂಡಿಕೊಂಡು ಆದ ದೊಡ್ಡ ಗಂಟೂ ಹಳೆಯದೇ, ಅದು ನಿಧಾನಕ್ಕೆ ಬೆಳೆಯುವಂಥದ್ದು. ಆದರೆ ಎಡ ತುದಿಯಲ್ಲಿ ಹೊಸದಾಗಿ ದಪ್ಪ ಗೋಡೆಯ ಪೊಳ್ಳು. ರಕ್ತ ಸಾಲದೆ ಸಿಲಿಕೋಸಿಸ್‌ನ ದೊಡ್ಡ ಗಂಟೂ ಒಳಗೆ ಪೊಳ್ಳಾಗಬಹುದು, ಆದ್ದರಿಂದ ಚಿತ್ರ ಒಂದನ್ನೇ ನಂಬುವಂತಿಲ್ಲ.

ಮೊದಲ ಕಫ ಸ್ಲೈಡಿನಲ್ಲೂ ಟಿಬಿ ಕ್ರಿಮಿ ಇಲ್ಲ, ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್‌ನಲ್ಲೂ ಇಲ್ಲ. ಕೊಟ್ಟಿದ್ದು ಬರೀ ಉಗುಳು ಅನ್ನಿಸಿತು. ಉಪ್ಪುನೀರಿನ ನೆಬ್ಯುಲೈಸರ್ ಕೊಟ್ಟು, ಬೆಳಗ್ಗೆ ಆಳದಿಂದ ಕಫ ತೆಗೆಸಿ ಮತ್ತೆ ಕಳಿಸಿದೆ. ಈ ಸಲ ಟಿಬಿ ಬಂತು, ಮುಖ್ಯ ಟಿಬಿ ಔಷಧಿ ರಿಫಾಂಪಿಸಿನ್‌ಗೆ ಬಗ್ಗುವಂಥದ್ದು. ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೂ ಹಾಕಿಸಿದೆ.

ಔಷಧಿಯನ್ನು ಎಲ್ಲರಿಗೂ ಮಾಡುವಂತೆ ಆರು ತಿಂಗಳಿಗೆ ನಿಲ್ಲಿಸಲಿಲ್ಲ. 1991ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಅಧ್ಯಯನದಲ್ಲಿ, ಸಿಲಿಕೋಸಿಸ್ ಇದ್ದವರಿಗೆ ಆರರ ಬದಲು ಎಂಟು ತಿಂಗಳು ಔಷಧಿ ಕೊಟ್ಟಾಗ ಟಿಬಿ ಮರಳುವುದು ಬಹಳ ಕಡಿಮೆಯಾಗಿತ್ತು. ನಾನೂ ಎಂಟು ತಿಂಗಳು ಕೊಟ್ಟೆ. ಜ್ವರ ಹೋಯಿತು, ತೂಕ ಮೂರು ಕಿಲೋ ಏರಿತು, ಕಲ್ಚರ್‌ನಲ್ಲಿ ಕ್ರಿಮಿ ಬರುವುದು ನಿಂತಿತು. ಏದುಸಿರು ಮಾತ್ರ ಅಷ್ಟೇ ಇದೆ, ಅದಕ್ಕೆ ಈ ಔಷಧಿಯಿಂದ ಏನೂ ಆಗದು ಅಂತ ಮೊದಲೇ ಹೇಳಿದ್ದೆ.

ಮುಗಿದ ದಿನ ಎಕ್ಸ್‌ರೇ ಮೇಲೆ ಒಂದು ಚೀಟಿ ಅಂಟಿಸಿ ಕೊಟ್ಟೆ: "ಸಿಲಿಕೋಸಿಸ್. ಈ ಚುಕ್ಕೆಗಳು ಹೋಗುವುದಿಲ್ಲ. ಕಫ ಪರೀಕ್ಷೆ ಮಾಡದೆ ಟಿಬಿ ಔಷಧಿ ಶುರು ಮಾಡಬೇಡಿ." ಮುಂದಿನ ವಾರ ಅವರ ಜೊತೆ ಕಂಪ್ರೆಸರ್‌ನಲ್ಲಿದ್ದ ಇನ್ನೊಬ್ಬರು ಬಂದರು. ಈ ಸಲ ಮೊದಲ ಸಾಲಿನಲ್ಲೇ ಬರೆದೆ: ಗ್ರಾನೈಟ್, ಒಣ ಡ್ರಿಲ್, 11 ವರ್ಷ.